ಇಪ್ಪತ್ತು ನಿಮಿಷದ ಭಾಷಣ

ಪೀಟಿ ಮೇಷ್ಟ್ರ ಬೀಳ್ಕೊಡುಗೆಗೆ ನಾನೇ ಮಾತಾಡಬೇಕೆಂದು ಹೆಡ್‌ಮೇಡಂ ಹಟ ಹಿಡಿದರು. ಪೋರ್ಷನ್ ಮುಗಿದಿಲ್ಲ ಎಂದು ಇಪ್ಪತ್ತೆರಡು ವರ್ಷ ಅವರ ಪೀರಿಯಡ್‌ಗಳನ್ನು ಕಿತ್ತುಕೊಂಡ ಗಣಿತದ ಟೀಚರೂ ನಾನೇ. ಎಂಥ ಆಯ್ಕೆ ನೋಡಿ!

"ಅತಿಥಿಗಳು ಬರಲ್ವಂತೆ. ನೀವೇ ಇಪ್ಪತ್ತು ನಿಮಿಷ ಎಳೀಬೇಕು," ಎಂದರು ಮೇಡಂ.

ಸೇವೆಗೆ ಸೇರಿದ ತಾರೀಖು, ಗೆದ್ದ ಕಪ್ಪುಗಳ ಪಟ್ಟಿ, ನಡುನಡುವೆ ಶಿಸ್ತಿನ ಸಿಪಾಯಿ, ಸರಳ ಸಜ್ಜನ, ಸದಾ ನಗುಮೊಗ. ಬರೆದು ಯಜಮಾನರಿಗೆ ಓದಿ ಹೇಳಿದೆ. ಅವರು ಪೇಪರಿನಿಂದ ಕಣ್ಣೆತ್ತದೆ, "ಹೆಸರೊಂದು ಬದಲಾಯಿಸಿದ್ರೆ ನಮ್ಮ ಆಫೀಸಿನ ಡ್ರೈವರಿಗೂ ನಡೆಯುತ್ತೆ ಕಣೇ," ಎಂದರು. ಮೈಯೆಲ್ಲ ಉರಿಯಿತು. ನಿಜ ಹೇಳಿದರೆ ಉರಿಯದೆ ಇನ್ನೇನು?

ಹೇಳಲು ಒಂದಾದರೂ ಪ್ರಸಂಗ ಸಿಕ್ಕೀತೆಂದು ಗುರುವಾರ ಆಟದ ಸಾಮಾನಿನ ಕೋಣೆಗೆ ಹೋದೆ. ಗಾಳಿ ಹೋದ ವಾಲಿಬಾಲ್, ಗೆರೆ ಎಳೆಯುವ ಸುಣ್ಣದ ಚೀಲ, ಮೇಜಿನ ಮೇಲೆ ಮೇಷ್ಟ್ರ ದಿನಚರಿ. ತಿರುವಿದೆ. ಕೈತಪ್ಪಿದ ಪೀರಿಯಡ್‌ಗಳ ಎದುರು ಒಂದೇ ಪದ: 'ಗಣಿತ'. ಅದರ ಕೆಳಗೆ ಪುಟ್ಟ ಅಕ್ಷರದಲ್ಲಿ: 'ನಾಳೆ ಬೆಳಿಗ್ಗೆ ಏಳೂವರೆಗೆ ಬರಲು ಹೇಳಿದೆ.' ಮರುದಿನದ ಸಾಲು: 'ಎಲ್ಲರೂ ಬಂದರು. ಓಟ.' ನಾನು ಕಿತ್ತುಕೊಂಡದ್ದನ್ನೆಲ್ಲ ಈ ಪುಣ್ಯಾತ್ಮರು ನಿದ್ದೆಗೆಟ್ಟು ಮಕ್ಕಳಿಗೆ ತುಂಬಿಕೊಟ್ಟಿದ್ದರು! ಒಂದು ದಿನವೂ ನನ್ನೆದುರು ಆಡಿ ತೋರಿಸಲಿಲ್ಲ.

ಕೊನೆಯ ಸಾಲನ್ನು ಮುಂಚೆಯೇ ಬರೆದಿಟ್ಟಿದ್ದರು. 'ಶುಕ್ರವಾರ, ಕೊನೇ ಪೀರಿಯಡ್, ಒಂಬತ್ತನೇ ಕ್ಲಾಸು. ಬೀಳ್ಕೊಡುಗೆ ಸಭೆ. ಆಟ ಇಲ್ಲ.'

ಅವರನ್ನು ಹೊಗಳುವ ಸಭೆಯನ್ನೂ ಅವರ ಪೀರಿಯಡ್ಡಿಗೇ ಹಾಕಿದ್ದೆವು. ನಮ್ಮ ಮುಖಕ್ಕಿಷ್ಟು! ಆ ಪೀರಿಯಡ್ ಅವರಿಗೆ ಸಿಗಲೇಬೇಕು ಎಂದು ಅಲ್ಲೇ ನಿಶ್ಚಯಿಸಿದೆ.

ಶುಕ್ರವಾರ ಮೈಕಿನ ಮುಂದೆ ನಿಂತೆ. ಬರೆದದ್ದನ್ನು ಮಡಚಿಟ್ಟು ನೇರ ಮೇಷ್ಟ್ರ ಕಡೆಗೇ ತಿರುಗಿದೆ.

"ಸರ್, ನಿಮ್ಮ ಪೀರಿಯಡ್ ಕದ್ದವಳು ನಾನು. ಮಕ್ಕಳು ನನ್ನ ಕ್ಲಾಸಲ್ಲಿ ತೂಕಡಿಸ್ದೇ ಕೂತಿದ್ರೆ ಅದು ನೀವು ಬೆಳಿಗ್ಗೆ ಓಡಿಸಿದ್ದಕ್ಕೆ. ನಂಗೆ ಗೊತ್ತಾಗಿದ್ದು ನಿನ್ನೆ. ತಪ್ಪಾಯ್ತು ಸರ್. ನನ್ನ ಭಾಷಣಕ್ಕೆ ಇನ್ನೂ ಹದಿನೆಂಟು ನಿಮಿಷ ಇದೆ. ಅದು ನಿಮ್ದು, ತಗೊಳ್ಳಿ."

ಹೆಡ್‌ಮೇಡಂ ಗಾಬರಿಯಾದರು. "ಟೀಚರ್, ಕಾರ್ಯಕ್ರಮ ಇನ್ನೂ..."

"ನನ್ನ ಪೋರ್ಷನ್ ಮುಗೀತು ಮೇಡಂ."

ಮೇಷ್ಟ್ರು ನಿಧಾನವಾಗಿ ಎದ್ದು ಬಂದರು. ಕಣ್ಣು ಒದ್ದೆಯಾಗಿತ್ತು. ಉತ್ತರದ ಭಾಷಣವೆಂದು ಎಲ್ಲರೂ ಕಿವಿಗೊಟ್ಟರು. ಅವರು ಹೊಸ ಶರ್ಟಿನೊಳಗಿಂದ ಸೀಟಿ ಎಳೆದು ಮೈಕಿಗೇ ಊದಿದರು, ಅಯ್ಯಪ್ಪಾ, ಹಾಲ್ ಕಿತ್ತುಹೋಗುವಂತೆ!

"ಒಂಬತ್ತನೇ ಕ್ಲಾಸ್, ಗ್ರೌಂಡಿಗೆ!"

ಒಂಬತ್ತನೆಯದೇನು, ಇಡೀ ಶಾಲೆಯೇ ನುಗ್ಗಿತು. ಕೇಕೆಯೋ ಕೇಕೆ. ಮೇಷ್ಟ್ರು ಸುಣ್ಣದ ಗೆರೆಯ ಪಕ್ಕ ಎದೆಯುಬ್ಬಿಸಿ ನಿಂತು ನನ್ನತ್ತ ನೋಡಿದರು. "ಏನ್ ಟೀಚರ್, ನಿಂತು ನೋಡೋಕೆ ಬಂದ್ರಾ?" ನಾನು ಚಪ್ಪಲಿ ಬಿಟ್ಟು ಗೆರೆಗೆ ಬಂದೆ.

ಸಂಜೆ ಅವರೇ ದಿನಚರಿ ತಂದು ತೋರಿಸಿದರು. 'ಆಟ ಇಲ್ಲ' ಎಂಬುದಕ್ಕೆ ಕಾಟು ಬಿದ್ದಿತ್ತು. ಕೆಳಗೆ ಬರೆದಿದ್ದರು: 'ಆಟ ಆಯಿತು. ಎಲ್ಲರೂ ಓಡಿದರು. ಗಣಿತ ಕೊನೆಗೆ ಬಂತು.'