ಜಿಲಾನಸಾಬರು ಬ್ಯಾಡ ಅಂದಿದ್ದ ಪೆಟ್ಟಿಗೆ

ಕುಷ್ಟಗಿಯಲ್ಲಿ ನನ್ನದೊಂದು ಬ್ಯಾಟರಿ, ಸೋಲಾರ್ ಅಂಗಡಿ. ಅದರ ಶತ್ರು ಅದರ ಕಟ್ಟೆಯ ಮೇಲೇ ಕೂತಿರುತ್ತಾರೆ: ಜಿಲಾನಸಾಬರು. ಮೊದಲು ರೇಡಿಯೊ ರಿಪೇರಿ ಮಾಡುತ್ತಿದ್ದರು, ವಯಸ್ಸಾದ ಮೇಲೆ ಸೋಲಾರ್ ಕಲಿತರು. ಫಿಟ್ಟಿಂಗಿಗೆ ಅವರೇ ಬೇಕೆಂದು ಜನ ಕಾಯುತ್ತಾರೆ. ನಾನೂ ಕಾಯುತ್ತೇನೆ, ಹಲ್ಲು ಕಡಿಯುತ್ತ.

ಪ್ಯಾನಲ್ಲಿಗೂ ಬ್ಯಾಟರಿಗೂ ನಡುವೆ, ಚಾರ್ಜನ್ನು ಹಿಡಿತದಲ್ಲಿಡುವ ಕಂಟ್ರೋಲರ್ ಎಂಬ ಪೆಟ್ಟಿಗೆ ಇರುತ್ತದೆ. ಅದರಲ್ಲಿ ಎರಡು ಜಾತಿ: ಪಿಡಬ್ಲ್ಯೂಎಂ ಅಗ್ಗ, ಎಂಪಿಪಿಟಿ ತುಟ್ಟಿ. ನಾನು ತುಟ್ಟಿಯದನ್ನು ಹೊಗಳಿ ಹೊಗಳಿ ಗಿರಾಕಿಯನ್ನು ಒಪ್ಪಿಸುವಷ್ಟರಲ್ಲಿ ಕಟ್ಟೆಯಿಂದ ದನಿ ಬರುತ್ತದೆ: “ನಿಮಗ ಅದು ಬ್ಯಾಡ್ರಿ. ಸಣ್ಣ ಪ್ಯಾನಲ್ಲು, ಹನ್ನೆರಡು ವೋಲ್ಟಿನ ಬ್ಯಾಟರಿ. ನಮ್ಮ ಬಿಸಲಾಗ ನೂರಕ್ಕ ಹತ್ತು ಹೆಚ್ಚು ಸಿಕ್ಕರ ಅದ ದೊಡ್ಡದು.” ಅಲ್ಲಿಗೆ ನನ್ನ ವ್ಯಾಪಾರ ಮಣ್ಣುಪಾಲು. ಮಾತು ನಿಜ ಎಂಬುದೇ ನನ್ನ ಸಂಕಟ.

ತಾವರಗೇರಾದ ಕಡೆ, ಕರೆಂಟಿಲ್ಲದ ಹೊಲದ ಮನೆಯಲ್ಲಿರುವ ವಿರೂಪಾಕ್ಷಮ್ಮನಿಗೂ ಹಿಂದಿನ ವರ್ಷ ಸಾಬರು ಹೀಗೇ ಹೇಳಿ ಪಿಡಬ್ಲ್ಯೂಎಂ ಹಾಕಿದ್ದರು. ಆಕೆ ಜವಾರಿ ಕೋಳಿಮರಿ ಮಾಡಿಸುವವಳು. ಊರ ಹೆಂಗಸರು ಪಾಲಿಗೆ ತತ್ತಿ ಕೊಡುತ್ತಾರೆ, ಆಕೆ ಸೋಲಾರಿನಿಂದ ನಡೆಯುವ ಶಾಖದ ಪೆಟ್ಟಿಗೆಯಲ್ಲಿ ಇಪ್ಪತ್ತೊಂದು ದಿನ ಇಡುತ್ತಾಳೆ, ಹುಟ್ಟಿದ ಮರಿ ಸಮಪಾಲು.

ಈ ಚಳಿಗಾಲದಲ್ಲಿ ಒಂದು ದಿನ ಆಕೆ ಅಂಗಡಿಗೆ ಬಂದು ನಿಂತಳು.

“ಸಾಬ್ರ, ಒಂದು ಸಲದ ತತ್ತಿ ಪೂರಾ ಹೋದುವು. ಚಳಿಗೆ ಬ್ಯಾಟರಿ ಸಾಲವಲ್ದು ಅಂತ ಸಾಣಾಪುರದ ಲಾಡ್ಜಿನಾಗ ಬಿಚ್ಚಿದ್ದ ದೊಡ್ಡ ಪ್ಯಾನಲ್ಲು ತಂದು ಹಾಕೇನಿ. ನೂರೈವತ್ತು ವ್ಯಾಟಿಂದು ತೆಗೆದು ಮುನ್ನೂರಾ ಮೂವತ್ತರದು. ಏನೂ ಫರಕಿಲ್ಲ, ಅದನ್ನ ಹಾಕಿದ ಮ್ಯಾಲ ಆ ತತ್ತಿ ಹೋಗಿದ್ದು. ಈಗ ಮತ್ತ ಅರವತ್ತು ತತ್ತಿ ಇಟ್ಟೇನಿ, ಎಂಟು ದಿನ ಆತು. ನಸುಕಿನ್ಯಾಗ ಬ್ಯಾಟರಿ ಕೈ ಕೊಡತೈತಿ, ಬಿಸಿನೀರಿನ ಬಾಟಲಿ ಇಟ್ಟು ಜೀವ ಹಿಡದೇನಿ. ಇವೂ ಹೋದ್ರ ಇನ್ನ ಯಾರೂ ನನಗ ತತ್ತಿ ಕೊಡಂಗಿಲ್ರಿ.”

“ಪ್ಯಾನಲ್ಲು ಖೊಟ್ಟಿ,” ಎಂದೆ ನಾನು. ಜಿಲಾನಸಾಬರು ಕಟ್ಟೆಯಿಂದ ಎದ್ದು ಚಪ್ಪಲಿ ಮೆಟ್ಟಿದರು. ನಂತರ, “ಒಂದು ಎಂಪಿಪಿಟಿ ಕೈಯಾಗ ಹಿಡ್ಕೊಳ್ರಿ ಸಾವ್ಕಾರ್ರ,” ಎಂದರು. ಈ ಬಾಯಿಂದ ಈ ಮಾತನ್ನು ನಾನು ಮೊದಲ ಸಲ ಕೇಳಿದ್ದು. ನನ್ನ ಬೈಕಿನಲ್ಲೇ ಹೋದೆವು.

ಹನ್ನೊಂದರ ಬಿಸಿಲು. ಸಾಬರು ಕರೆಂಟು ಅಳೆಯುವ ಕ್ಲ್ಯಾಂಪ್ ಮೀಟರಿನಿಂದ ದೊಡ್ಡ ಪ್ಯಾನಲ್ಲಿನ ತಂತಿ ಹಿಡಿದರು. ಎಂಟೂವರೆ ಆಂಪಿಯರ್. ಹಳೇ ಪ್ಯಾನಲ್ಲನ್ನು ಅಟ್ಟದಿಂದ ಇಳಿಸಿ, ಅದನ್ನೇ ಜೋಡಿಸಿ ನೋಡಿದರು. ಎಂಟು. ನನಗೆ ತಲೆ ಕೆಟ್ಟಿತು. ಎರಡು ಪಟ್ಟು ಪ್ಯಾನಲ್ಲು, ಆಂಪಿಯರ್ ಮಾತ್ರ ಅಷ್ಟಕ್ಕಷ್ಟೇ.

“ಪ್ಯಾನಲ್ಲು ಛಲೋ ಐತೆವ್ವಾ,” ಎಂದರು ಸಾಬರು. “ಹಳೇದು ಹದಿನೆಂಟು ವೋಲ್ಟಿಂದು, ಇದು ಮೂವತ್ತೇಳರದು. ಆಂಪಿಯರ್ ಎರಡರದೂ ಹತ್ರಹತ್ರ. ಪಿಡಬ್ಲ್ಯೂಎಂ ಪ್ಯಾನಲ್ಲನ್ನ ಚಾರ್ಜಾಗೋ ಬ್ಯಾಟರಿಯ ಹದಿಮೂರು ವೋಲ್ಟಿಗೆ ಎಳೆದು ಕಟ್ಟತೈತಿ, ಮ್ಯಾಲಿನ ವೋಲ್ಟೆಲ್ಲ ದಂಡ. ಎಂಪಿಪಿಟಿ ಪ್ಯಾನಲ್ಲನ್ನ ಅದಕ್ಕ ಒಗ್ಗುವ ವೋಲ್ಟಿನಾಗ ದುಡಿಸಿ, ಹೆಚ್ಚಿನ ವೋಲ್ಟು ಇಳಿಸಿ ಆಂಪಿಯರ್ ಮಾಡಿ ಕೊಡತೈತಿ.”

ವಿರೂಪಾಕ್ಷಮ್ಮ ಸೊಂಟಕ್ಕೆ ಕೈಕೊಟ್ಟು ನಿಂತಳು. “ಅದು ಬ್ಯಾಡ ಅಂದವ್ರು ನೀವ ಅಲ್ಲೇನ್ರಿ?”

ಹಳೇ ಪ್ಯಾನಲ್ಲಿಗೆ ಹೇಳಿದ್ದು ಎಂದು ಅವರು ಹೇಳಬಹುದಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ. ನಾನೇ ಬಾಯಿ ತೆರೆದಿದ್ದೆ, ಅವರು ಕೈಯಲ್ಲೇ ತಡೆದರು.

“ನಾನ ಅಂದಿದ್ದೆ. ಪ್ಯಾನಲ್ಲು ಬದಲಿಸಿದ್ರ ನನ್ನ ಕೇಳು ಅಂತ ಹೇಳಲಿಲ್ಲ. ನಿನ್ನ ತತ್ತಿ ಕೆಟ್ಟಿದ್ದು ನನ್ನ ಮಾತಿಂದ, ತಂಗಿ.”

ಹಳೇ ಕಂಟ್ರೋಲರ್ ಬಿಚ್ಚಿ ಹೊಸದನ್ನು ಕೂಡಿಸಿದರು, ಮೊದಲು ಬ್ಯಾಟರಿ, ಆಮೇಲೆ ದೊಡ್ಡ ಪ್ಯಾನಲ್ಲು. ಬ್ಯಾಟರಿಯ ತಂತಿಗೆ ಮೀಟರ್ ಹಿಡಿದರು. ಇಪ್ಪತ್ತು ಆಂಪಿಯರ್. ಪ್ಯಾನಲ್ಲು ಅದೇ, ಬಿಸಿಲು ಅದೇ. ವಿರೂಪಾಕ್ಷಮ್ಮ ಮೀಟರಿಗೆ ಮುಖ ಹಚ್ಚಿ ಎರಡು ಸಲ ಓದಿದಳು. ನನಗೆ ಖುಷಿಯಾಗಬೇಕಿತ್ತು, ಆದರೆ ಸಾಬರ ಮುಖ ನೋಡಿ ಆಗಲಿಲ್ಲ.

ಮರುದಿನದಿಂದ ಕಟ್ಟೆ ಖಾಲಿ. ತಾವು “ಬ್ಯಾಡ” ಎಂದವರ ಮನೆಗಳಿಗೆಲ್ಲ ಸೈಕಲ್ ತುಳಿದು, ಪ್ಯಾನಲ್ಲು ಬದಲಿಸಿದ್ದೀರೇನು ಎಂದು ಕೇಳಿ ಬರುತ್ತಿದ್ದರು. ಹನ್ನೆರಡು ದಿನ ಅಂಗಡಿ ನನಗೆ ಭಣಗುಟ್ಟಿತು. ಬೈಸಿಕೊಳ್ಳಲು ಯಾರೂ ಇರಲಿಲ್ಲ.

ಹದಿಮೂರನೆಯ ದಿನ, ತತ್ತಿಗೆ ಇಪ್ಪತ್ತೊಂದು ತುಂಬುವ ದಿನ, ಬೆಳಿಗ್ಗೆ ಬಂದು ಕೂತರು. ಚಹಾ ಮುಟ್ಟಲಿಲ್ಲ. ಹತ್ತು ಗಂಟೆಗೆ ಅವರ ಫೋನು ರಿಂಗಾಯಿತು. ಕಿವಿಗೆ ಹಿಡಿದು “ಹೇಳವ್ವಾ” ಎಂದರು. ರೇಡಿಯೊದ ಸ್ಟೇಷನ್ ಹುಡುಕುವವರ ಹಾಗೆ ಕತ್ತು ವಾಲಿಸಿ ಕೇಳುತ್ತಲೇ ಇದ್ದರು. ನಾನು ತಡೆಯಲಾರದೆ, “ಏನಂತ್ರಿ?” ಎಂದೆ.

ಅವರು ಫೋನನ್ನು ನನ್ನ ಕಿವಿಗೆ ಕೊಟ್ಟು ಕಣ್ಣೊರೆಸಿಕೊಂಡರು. ಆ ಕಡೆ ವಿರೂಪಾಕ್ಷಮ್ಮ ಮಾತಾಡುತ್ತಿರಲಿಲ್ಲ. ಶಾಖದ ಪೆಟ್ಟಿಗೆಯ ಬಾಗಿಲಿಗೆ ಫೋನು ಹಿಡಿದಿದ್ದಳು. ಮರಿಗಳು ಚಿಂವ್ ಚಿಂವ್ ಅನ್ನುತ್ತಿದ್ದವು.