ಅಕ್ಕನ ತಕರಾರು ಅರ್ಜಿ

ಶಬ್ದದ ಮೂಲ ಬಲ್ಲೆನೆಂದು ಬೀಗುವವನಷ್ಟು ಅಸಹ್ಯವಾದ ಪ್ರಾಣಿ ಮತ್ತೊಂದಿಲ್ಲ. ಬೇರೆಯವರನ್ನು ನೋಡಿ ಈ ಮಾತು ಹೇಳುತ್ತಿಲ್ಲ. ಹಿರೇಕೆರೂರಿನ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸಿ, ನಿವೃತ್ತನಾಗಿ, ಶಿಗ್ಗಾಂವಿಯಲ್ಲಿ ಮನೆ ಮಾಡಿಕೊಂಡಿರುವ ನನ್ನನ್ನೇ ಎದುರಿಗೆ ನಿಲ್ಲಿಸಿಕೊಂಡು ಹೇಳುತ್ತಿದ್ದೇನೆ.

ಶಾಲೆಯಲ್ಲಿದ್ದಾಗ ನಾನೊಂದು ಪಾಠ ಬಹಳ ಠೀವಿಯಿಂದ ಮಾಡುತ್ತಿದ್ದೆ. 'ಕರಾರು' ಅಂದರೆ ಒಪ್ಪಂದ, ಅದು ಮುರಿದರೆ 'ತಕರಾರು', ಆದ್ದರಿಂದ ಎರಡೂ ಒಂದೇ ಬೇರಿನವು. ಮಕ್ಕಳು ಬರೆದುಕೊಂಡರು. ಪಾಪ, ಮಕ್ಕಳು ಏನು ಹೇಳಿದರೂ ಬರೆದುಕೊಳ್ಳುತ್ತವೆ. ಎಷ್ಟೋ ವರ್ಷ ಈ ಸುಳ್ಳನ್ನು ಕಪ್ಪು ಹಲಗೆಯ ಮೇಲೆ ದಪ್ಪಕ್ಷರದಲ್ಲಿ ಬರೆದೆ.

ನಿವೃತ್ತಿಯಾದ ಮೇಲೆ ಹೊತ್ತು ಹೋಗದೆ, ಸವಣೂರಿನಲ್ಲಿ ಅರಬ್ಬಿ ಕಲಿಸುವ ಒಬ್ಬ ಹಿರಿಯರ ಮನೆಗೆ ಭಾನುವಾರಗಳಂದು ಬಸ್ಸು ಹತ್ತತೊಡಗಿದೆ. ನನ್ನ ಕರಾರು-ತಕರಾರಿನ ಸಿದ್ಧಾಂತ ಕೇಳಿ ಅವರು ಚಹಾದ ಕಪ್ಪು ಕೆಳಗಿಟ್ಟು ನಕ್ಕರು.

"ಸರ್, ಅರಬ್ಬಿ ಒಳಗ 'ಕ' ಎರಡು ಅದಾವ. ಒಂದು ಗಂಟಲದ ತಳದಿಂದ ಬರ್ತೈತಿ, ಒಂದು ನಿಮ್ಮ ಕನ್ನಡದ ಕ ಇದ್ದಂಗ. ಕರಾರಿನ ಕ ಗಂಟಲದ್ದು. ತಕರಾರಿನ ಕ ಸಾದಾ ಕ. ಇವೆರಡೂ ಅಣ್ಣತಮ್ಮ ಅಲ್ರಿ. ಬರೇ ಒಂದ ಓಣಿಯವು."

ಆಮೇಲೆ ಬಿಡಿಸಿ ಹೇಳಿದರು. ಅರಬ್ಬಿಯಲ್ಲಿ ಬಹುತೇಕ ಶಬ್ದಗಳಿಗೆ ಮೂರು ವ್ಯಂಜನಗಳೇ ಬೇರು. ಅವುಗಳ ನಡುವೆ ಸ್ವರ ತುಂಬಿ, ಮುಂದೆ ಹಿಂದೆ ಅಕ್ಷರ ಸೇರಿಸಿ, ಗೊತ್ತಾದ ಅಚ್ಚುಗಳಲ್ಲಿ ಶಬ್ದ ತೆಗೆಯುತ್ತಾರೆ. ಗಂಟಲಿನ ಕ ಮತ್ತು ಎರಡು ರ ಸೇರಿದರೆ ನೆಲೆ ನಿಲ್ಲುವುದು, ಅದರಿಂದ ಕರಾರು. ಸಾದಾ ಕ ಮತ್ತು ಎರಡು ರ ಸೇರಿದರೆ ಹೊರಳಿ ಬರುವುದು. ಮುಂದೆ 'ತ' ಹಚ್ಚಿದರೆ ತಕ್ರಾರ್, ಅಂದರೆ ಮತ್ತೆ ಮತ್ತೆ ಮಾಡುವುದು, ಪುನರಾವರ್ತನೆ. ಅಲ್ಲಿ ಜಗಳದ ವಾಸನೆಯೂ ಇಲ್ಲ. ಫಾರಸಿ, ಉರ್ದು, ಮರಾಠಿ ದಾಟಿ ನಮ್ಮ ಕಚೇರಿಗೆ ಬರುವಷ್ಟರಲ್ಲಿ, ಹೇಳಿದ್ದನ್ನೇ ಹೇಳುವವನು ಆಕ್ಷೇಪ ಎತ್ತುವವನಾದ.

ಇದು ತಿಳಿದ ದಿನದಿಂದ ನಾನು ಮನುಷ್ಯನಾಗಿ ಉಳಿಯಲಿಲ್ಲ. ಚಹಾದಂಗಡಿಯಲ್ಲಿ ಯಾರಾದರೂ "ಮಾಮೂಲು ಕೊಡಬೇಕಾತು" ಎಂದರೆ ಸಾಕು, ತಡೆದು ನಿಲ್ಲಿಸಿ, 'ಅಮಲ್' ಅಂದರೆ ಕೆಲಸ, 'ಮಅಮೂಲ್' ಅಂದರೆ ರೂಢಿಯಲ್ಲಿ ಮಾಡಿದ್ದು, ನೀವು ಅದನ್ನು ಲಂಚ ಮಾಡಿದಿರಿ, ಅಮಲನ್ನಂತೂ ಹೆಂಡದ ನಿಶೆ ಮಾಡಿ ಕೂತಿರಿ ಎಂದು ಛೀಮಾರಿ ಹಾಕುತ್ತಿದ್ದೆ. ಆಸಾಮಿ ಎಂದರೆ ಮೂಲದಲ್ಲಿ ಹೆಸರುಗಳು, ಬಹುವಚನ. ನೀವು ಒಬ್ಬನೇ ಒಬ್ಬ ಪೋಲಿಯನ್ನು ಆಸಾಮಿ ಅನ್ನುತ್ತೀರಿ! ಮಸಲತ್ತು ಎಂದರೆ ಅಲ್ಲಿ ಹಿತ, ನಾಲ್ಕು ಜನಕ್ಕೆ ಒಳ್ಳೆಯದಾಗುವಂಥದ್ದು; ಇಲ್ಲಿ ಮಸಲತ್ತು ಮಾಡುವವರು ಯಾರಿಗೆ ಒಳ್ಳೆಯದು ಮಾಡಿದ್ದಾರೆ? ಜಿಲ್ಲೆ ಎಂದರೆ ಪಕ್ಕೆಲುಬು. ತಾಲೂಕು ಎಂದರೆ ತೂಗುಬಿದ್ದದ್ದು, ಇಲಾಖೆಯೂ ಅದೇ ಬೇರಿನದು, ಅಂಟಿಕೊಂಡದ್ದು. ಜನ ಹಲ್ಲು ಕಿರಿದು, ಚಹಾ ಮುಗಿಸಿ, ನನ್ನಿಂದ ದೂರ ಕೂಡತೊಡಗಿದರು. ಅವರು ದಡ್ಡರೆಂದು ನಾನು ತಿಳಿದೆ.

ಸವಣೂರಿನ ಹಿರಿಯರು ಮಾತ್ರ ಒಮ್ಮೆ ಎಚ್ಚರಿಸಿದ್ದರು. "ಅಲ್ಲಿ ಅದು ಏನಿತ್ತು ಅಂತ ತಿಳಕೋಳೂದು ಚಲೋ ಸರ್. ಆದರ ಇಲ್ಲಿಗೆ ಬಂದು ಇಷ್ಟು ತಲೆಮಾರು ಬಾಳೇವು ಮಾಡೈತಿ. ಈಗ ಅದು ನಿಮ್ದ." ನಾನು ತಲೆಯಾಡಿಸಿ, ಆ ಮಾತನ್ನು ಮಾತ್ರ ವಹಿಯಲ್ಲಿ ಬರೆದುಕೊಳ್ಳಲಿಲ್ಲ.

ಹೀಗಿರುವಾಗ ಒಂದು ಬುಧವಾರ ನನ್ನ ಅಕ್ಕ ಹತ್ತಿಮತ್ತೂರಿನಿಂದ ಬಂದಳು. ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು. ಹೊಲ ಇನ್ನೂ ಮಾವನ ಹೆಸರಿನಲ್ಲೇ ಇತ್ತು. ಅರ್ಧ ಅಕ್ಕ ಮಾಡುತ್ತಿದ್ದಳು, ಅರ್ಧ ಮೈದುನ. ಮಾವನೂ ತೀರಿಕೊಂಡ ಮೇಲೆ ಮೈದುನ ಸದ್ದಿಲ್ಲದೆ ಪೌತಿ ಖಾತೆಗೆ ಅರ್ಜಿ ಹಾಕಿದ್ದ. ಸತ್ತವರ ಹೆಸರು ತೆಗೆದು ವಾರಸುದಾರರ ಹೆಸರು ಏರಿಸುವುದಕ್ಕೆ ನಮ್ಮಲ್ಲಿ ಪೌತಿ ಎನ್ನುತ್ತಾರೆ. ಕೊಟ್ಟ ವಂಶಾವಳಿಯಲ್ಲಿ ಸತ್ತ ಅಣ್ಣನ ಹೆಂಡತಿ ಎಂಬವಳೇ ಇರಲಿಲ್ಲ. ಚಾವಡಿಯ ಗೋಡೆಗೆ ಅಂಟಿಸಿದ ನೋಟಿಸು ಯಾರೋ ಓದಿ ಹೇಳಿದ ಮೇಲೆ ಅಕ್ಕನಿಗೆ ಗೊತ್ತಾಗಿದ್ದು. ತಕರಾರು ಇದ್ದವರು ಸೋಮವಾರದೊಳಗೆ ಲಿಖಿತವಾಗಿ ಕೊಡಬೇಕು. ಕೊಟ್ಟರೆ ತಹಶೀಲ್ದಾರರು ಎರಡೂ ಕಡೆಯವರನ್ನು ಕರೆಸಿ ವಿಚಾರಣೆ ಮಾಡುತ್ತಾರೆ. ಕೊಡದಿದ್ದರೆ ಖಾತೆ ಮೈದುನನ ಹೆಸರಿಗೆ ಆಗಿಹೋಗುತ್ತದೆ.

ಅಕ್ಕ ಸುಮ್ಮನೆ ಕೂತಿರಲಿಲ್ಲ. ಸವಣೂರಿನ ತಹಶೀಲ್ದಾರ ಕಚೇರಿಯೆದುರು ಕಂಪ್ಯೂಟರ್ ಇಟ್ಟುಕೊಂಡು ಅರ್ಜಿ ಬರೆದುಕೊಡುವವನ ಹತ್ತಿರ ಹೋಗಿ ಅರ್ಜಿ ಮಾಡಿಸಿ, ಸಹಿಯನ್ನೂ ಹಾಕಿದ್ದಳು. ಒಳಗೆ ಕೊಡುವುದೊಂದೇ ಬಾಕಿ.

"ಒಂದ್ಸಲ ನೋಡಿಬಿಡು ತಮ್ಮಾ. ನೀ ಓದಿದಾಂವ. ತಪ್ಪೇನರ ಇದ್ದರ ಹೇಳು, ನಾಳೆ ಹೋಗಿ ಕೊಟ್ಟು ಬರ್ತೇನಿ."

ನಾನು ಓದಿದೆ. "ಸದರಿ ಜಮೀನಿನ ಪೌತಿ ವಾರಸಾ ಖಾತೆ ಬದಲಾವಣೆಗೆ ಅರ್ಜಿದಾರಳ ಸಖ್ತ ತಕರಾರು ಇರುತ್ತದೆ." ತಪ್ಪೇನೂ ಇರಲಿಲ್ಲ. ಸರ್ವೆ ನಂಬರು ಸರಿ, ಸಂಬಂಧ ಸರಿ, ಗಂಡನ ಮರಣದ ದಾಖಲೆ ಲಗತ್ತಿಸಿದ್ದು ಸರಿ. ಆದರೆ ನನ್ನ ಕಣ್ಣಿಗೆ ಅದ್ಯಾವುದೂ ಬೀಳಲಿಲ್ಲ. ಸದರ್ ಎಂದರೆ ಎದೆ, ಮುಂಭಾಗ. ಫೌತ್ ಎಂದರೆ ಕೈತಪ್ಪಿ ಹೋಗುವುದು. ಸಾವು ಅದರ ಆಮೇಲಿನ ಅರ್ಥ. ತಕರಾರು ಎಂದರೆ ಪುನರಾವರ್ತನೆ. ಎದೆಯ ಜಮೀನು ಕೈತಪ್ಪಿದ್ದಕ್ಕೆ ಗಟ್ಟಿ ಪುನರಾವರ್ತನೆ! ನನಗೆ ಹಬ್ಬವಾಯಿತು.

"ಎಂಥಾ ಮುಠ್ಠಾಳ ಬರದಾನ ಇದನ್ನ? ಬಿಟ್ಟು ಹೋಗು ಅಕ್ಕ. ತಿದ್ದಿ ನಾನ ಕೊಟ್ಟು ಬರ್ತೇನಿ."

"ಸೋಮವಾರ ಕಡೇ ದಿನ ಐತಿ ನೋಡಪಾ."

"ಗೊತ್ತೈತಿ" ಎಂದು ರೇಗಿದೆ.

ಆ ಭಾನುವಾರ ಹಾನಗಲ್ಲಿನಲ್ಲಿ ಕನ್ನಡ ಪ್ರೇಮಿಗಳ ಸಭೆಯೊಂದಿತ್ತು, ನನ್ನದೇ ಉಪನ್ಯಾಸ. ಅಧ್ಯಕ್ಷತೆ ವಹಿಸಿದ ದೊಡ್ಡ ಮನುಷ್ಯರು, ಪರಭಾಷೆಯ ಶಬ್ದಗಳನ್ನು ಕನ್ನಡದಿಂದ ಕಾಯಂ ಹೊರಗೆ ಹಾಕುವ ಹಕ್ಕು ನಮಗಿದೆ, ಇದಕ್ಕೊಂದು ಕಾನೂನು ತಕ್ಷಣ ಜಾರಿಯಾಗಬೇಕು ಎಂದು ಮೇಜು ಗುದ್ದಿದರು. ಕಾಯಂ, ಹಕ್ಕು, ಕಾನೂನು, ಜಾರಿ ನಾಲ್ಕೂ ಅರಬ್ಬಿಯ ದಾರಿಯಲ್ಲಿ ಬಂದವು ಎಂದು ಆ ಮಹಾಶಯರಿಗೆ ಗೊತ್ತಿರಲಿಲ್ಲ. ಚಪ್ಪಾಳೆ ಹೊಡೆದವರಿಗೂ ಗೊತ್ತಿರಲಿಲ್ಲ. ಜಾರಿ ಎಂದರೆ ಹರಿಯುವುದು. ಅವರ ಬಾಯಿಂದ ಹರಿಯುತ್ತಿದ್ದುದನ್ನು ಕೇಳಿ ನನಗೆ ಕನಿಕರವೂ ಬರಲಿಲ್ಲ.

ನಾನೇನು ಅವರಿಗಿಂತ ಮೇಲೇ? ನನ್ನ ಸರದಿ ಬಂದಾಗ ಚೀಲದಿಂದ ಅಕ್ಕನ ಅರ್ಜಿ ತೆಗೆದೆ. ಹೆಸರು ಹೇಳದೆ, ಒಬ್ಬ ಹಳ್ಳಿಯ ಹೆಣ್ಣುಮಗಳ ಅರ್ಜಿ ಎಂದು ಸಾಲುಸಾಲಾಗಿ ಓದಿ, ಒಂದೊಂದು ಶಬ್ದದ ಮೂಲಾರ್ಥ ಕೂಡಿಸಿ ಮತ್ತೆ ಓದಿದೆ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ರಾಜಿ ಎಂದರೆ ಸಂತೋಷಗೊಂಡವನು, ನಮ್ಮಲ್ಲಿ ರಾಜಿಯಾದವರ ಮುಖ ನೋಡಿದ್ದೀರಾ ಎಂದಾಗ ಇನ್ನೂ ನಕ್ಕರು. ರಾಜೀನಾಮೆ ಮೂಲದಲ್ಲಿ ಒಪ್ಪಿಗೆಪತ್ರ, ಈಗ ಹುದ್ದೆ ಬಿಟ್ಟು ಹೋಗುವ ಪತ್ರ ಎಂದಾಗ ಶಿಳ್ಳೆಯೂ ಬಿತ್ತು. ಶಾಲು ಹೊದಿಸಿದರು. ಅಕ್ಕನ ಸಂಕಟವನ್ನು ನಾಟಕದ ವಿದೂಷಕನ ಪಾತ್ರ ಮಾಡಿ ಬಂದಿದ್ದೇನೆ ಎಂದು ಆ ಶಾಲಿನೊಳಗೆ ಕೂತವನಿಗೆ ಹೊಳೆಯಲೇ ಇಲ್ಲ.

ಸೋಮವಾರ ಬೆಳಿಗ್ಗೆ ಹೊಸ ಅರ್ಜಿ ಬರೆಯಲು ಕೂತೆ. ತಕರಾರಿನ ಜಾಗಕ್ಕೆ ಏನು ಹಾಕಬೇಕು? ಆಕ್ಷೇಪಣೆ ಸಂಸ್ಕೃತ. ಅಡ್ಡಿ ತೆಳುವಾಯಿತು. ಒಪ್ಪದಿಕೆ ಎಂದು ಹೊಸದಾಗಿ ಕಟ್ಟಿ, ನಾನೇ ನಾಲ್ಕು ಸಲ ಗಟ್ಟಿಯಾಗಿ ಓದಿ ಖುಷಿಪಟ್ಟೆ. ನಡುವೆ ಹಾನಗಲ್ಲಿನಿಂದ ಫೋನು, ಭಾಷಣ ಭಾರಿ ಆತ್ರಿ ಎಂದು. ಮಧ್ಯಾಹ್ನದ ಬಸ್ಸು ತಪ್ಪಿತು. ಒಂದು ದಿನಕ್ಕೆ ಸರಕಾರ ಏನು ಮುಳುಗುತ್ತದೆ ಎಂದು ಮಲಗಿದೆ.

ಮಂಗಳವಾರ ಸವಣೂರಿನ ಕಚೇರಿಯಲ್ಲಿ ಗುಮಾಸ್ತೆ ಅಕ್ಕನ ಪರವಾಗಿ ಎಂದು ನಾನೇ ಸಹಿ ಹಾಕಿದ್ದ ಕಾಗದ ತಿರುವಿ ನೋಡಿದಳು. "ಒಪ್ಪದಿಕೆ ಅಂದರೇನ್ರಿ ಸರ್? ಇರ್ಲಿ ಬಿಡ್ರಿ, ಅದಕ್ಕೇನು, ತಗೋತಿದ್ದೆ. ಆದರ ನಿನ್ನೇನ ಗಡುವು ಮುಗೀತಲ್ರಿ. ಇವತ್ತು ಮುಂಜಾನೆ 'ಯಾವುದೇ ತಕರಾರು ಬಂದಿರುವುದಿಲ್ಲ' ಅಂತ ಷರಾ ಬರದು ಖಾತೆ ಮಂಜೂರು ಆತ್ರಿ. ಇನ್ನ ಮ್ಯಾಲೆ ಉಪವಿಭಾಗಾಧಿಕಾರಿಗಳ ಹತ್ರ ಅಪೀಲ ಹೋಗ್ರಿ."

ಆ ಗಳಿಗೆಯಲ್ಲೂ ನನ್ನ ತಲೆಯಲ್ಲಿ ಬಂದದ್ದೇನು ಗೊತ್ತೆ? ಷರಹ್ ಎಂದರೆ ಅರಬ್ಬಿಯಲ್ಲಿ ಬಿಡಿಸಿ ಹೇಳುವುದು ಎಂದು. ನಾಚಿಕೆಗೆಟ್ಟ ತಲೆ.

ಹೊಲದ ಪಹಣಿ ಉತಾರದಲ್ಲಿ ಮೈದುನನ ಒಂದೇ ಹೆಸರು ಕೂತಿತು. ಮುಂದಿನ ವಾರವೇ ಅವನು ಅಕ್ಕನ ಪಾಲಿನ ಹೊಲದಲ್ಲಿ ಟ್ರ್ಯಾಕ್ಟರು ಹೊಡೆಸಿ ಗೋವಿನಜೋಳ ಬಿತ್ತಿದ. ಅಕ್ಕ ಬದುವಿನ ಮೇಲೆ ನಿಂತು ನೋಡಿ ಮನೆಗೆ ಹೋದಳಂತೆ. ನನಗೆ ಫೋನು ಮಾಡಿ ಒಂದು ಮಾತೂ ಬಯ್ಯಲಿಲ್ಲ. ಅಪೀಲಿಗೆ ಸವಣೂರಿಗೆ ಬಾ ಎಂದಷ್ಟೇ ಹೇಳಿದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ನಾನು ಮುಠ್ಠಾಳ ಎಂದಿದ್ದ ಆ ಅರ್ಜಿ ಬರೆಯುವವನ ಮುಂದೆಯೇ ಮತ್ತೆ ಕೂತೆವು. ಅಪೀಲಿನ ಜೊತೆ, ಗಡುವಿನೊಳಗೆ ತಕರಾರು ಯಾಕೆ ಕೊಡಲಿಲ್ಲ ಎಂದು ಒಂದು ಅಫಿಡವಿಟ್ಟು ಹಚ್ಚಬೇಕೆಂದು ಅವನು ಹೇಳಿದ.

"ಆರಾಮ ಇರಲಿಲ್ಲ ಅಂತ ಹಾಕ್ತೇನ್ರಿ ಅಕ್ಕಾರ. ಎಲ್ಲಾರೂ ಹಂಗ ಹಾಕ್ತಾರ."

"ಬ್ಯಾಡ್ರಿ" ಎಂದಳು ಅಕ್ಕ. "ನನಗೇನಾಗಿತ್ತು, ಗಟ್ಟಿ ಇದ್ದೆ. ಸುಳ್ಳು ಬರದು ಹೊಲ ಕೇಳೂದಾದರ ನನಗೂ ನನ್ನ ಮೈದುನಗೂ ಏನು ಫರಕ? ಇದ್ದದ್ದು ಇದ್ದಂಗ ಬರೀರಿ. ಟೈಮಿಗೆ ಅರ್ಜಿ ಮಾಡಿಸಿದ್ದೆ. ನನ್ನ ತಮ್ಮನ ಕೈಯಾಗ ಕೊಟ್ಟೆ. ಅಂವ ಅದನ್ನ ಹಾನಗಲ್ಲಿಗೆ ಒಯ್ದು, ಮಂದಿಗೆ ಓದಿ ತೋರಿಸಿ, ನಗಿಸಿ ಬಂದ. ಅದಕ್ಕ ತಡಾ ಆತು. ಹಂಗ ಬರೀರಿ."

ಸಭೆಯ ಸುದ್ದಿ ಅವಳಿಗೆ ಯಾರು ಮುಟ್ಟಿಸಿದರೋ, ನಾನು ಕೇಳಲಿಲ್ಲ. ಅರ್ಜಿ ಬರೆಯುವವನು ನನ್ನ ಮುಖ ನೋಡಿದ. ನಾನು ಬರೆಯಿರಿ ಎಂದು ತಲೆಯಾಡಿಸಿದೆ. ಅವನ ಬೆರಳು ಕೀಲಿಗಳ ಮೇಲೆ ಬಹಳ ನಿಧಾನ ಓಡಿದವು. ಕಾಗದ ಹೊರಗೆ ಬಂದ ಮೇಲೆ ಪಾಪ, ಮರ್ಯಾದೆಗೆಂದು ಅವನು ಅದನ್ನು ನನ್ನ ಕಡೆ ಚಾಚಿದ. "ಸರ್, ಒಮ್ಮೆ ನೋಡ್ರಿ, ಏನರ ತಪ್ಪಿದ್ದರ."

ಅಕ್ಕ ಕೈ ಅಡ್ಡ ಇಟ್ಟಳು. "ಅಂವಗ ಕೊಡಬ್ಯಾಡ್ರಿ. ನೀವ ಓದ್ರಿ, ನಾ ಕೇಳ್ತೇನಿ."