ಮೂವತ್ತು ದಿನ, ಸವಾ ತಿಂಗಳು

ಅವರ ಕೊನೆಯ ಮೆಸೇಜು ಬಂದಾಗ ನಾನು ಹುಣಸೆಹಣ್ಣು ಬಿಡಿಸುತ್ತಿದ್ದೆ. ‘ಊಟಕ್ಕ ಬರ್ತೀನಿ. ಬದನೀಕಾಯಿ ಬ್ಯಾಡ.’ ಬಂದರು, ಬದನೆಕಾಯಿಯನ್ನೇ ಉಂಡರು, ಮಲಗಿದರು. ಮರುದಿನ ಬಸವಕಲ್ಯಾಣದ ಬಸ್ ಸ್ಟ್ಯಾಂಡಿನ ಮುಂದೆ, ತಾವು ಓಡಿಸುತ್ತಿದ್ದ ಟಂಟಂ ಆಟೋದ ಸೀಟಿನಲ್ಲೇ ಜೀವ ಹೋಯಿತು.

ನನ್ನ ಗಂಡ ಅನೀಲಕುಮಾರ, ಹುಡಗಿ ಎಂಬ ಊರಿನವರು. ಗಂಟಲಿನ ಆಪರೇಷನ್‌ನಲ್ಲಿ ದನಿ ಹೋಗಿತ್ತು. ‘ಹುಮನಾಬಾದ, ಹುಮನಾಬಾದ’ ಎಂದು ಕೂಗುತ್ತಿದ್ದವರು ಆಮೇಲೆ ಹಾರ್ನ್ ಒತ್ತಿ ಮಂದಿಯನ್ನು ಕರೆದರು. ನನ್ನ ಜೊತೆ ಮೆಸೇಜಿನಲ್ಲೇ ಮಾತು. ಪಕ್ಕದಲ್ಲಿ ಕೂತರೂ ಬಟನ್ ಫೋನಿನಲ್ಲಿ ಒತ್ತಿ ಕಳಿಸುವರು. ಕಳಿಸಿದ್ದು ಅದರಲ್ಲಿ ಉಳಿಯುತ್ತಿರಲಿಲ್ಲ. ನನ್ನದು ಅಣ್ಣ ಕೊಟ್ಟ ಹಳೆಯ ಐಫೋನು, ಎರಡು ವರ್ಷದ ಮಾತು ಅದರಲ್ಲಿತ್ತು. ನಾನು ನಾಲ್ಕನೇ ಇಯತ್ತೆ ಓದಿದವಳು, ಓದುವುದು ನಿಧಾನ. ಅವರು ಕಾಯುತ್ತಿದ್ದರು.

ಮೂರನೆಯ ದಿನ ಅವರ ಬಟ್ಟೆ, ಹಾಸಿಗೆ ಹೊರಗೆ ಹಾಕಿದರು. ಅತ್ತೆ ಸಖುಬಾಯಿ ಅಂದಳು, “ಫೋನಿನಾಗಿನ ಆ ಮಾತೂ ತಗದ್ಹಾಕು ಧನಶ್ರೀ. ಇಟ್ಕೊಂಡ್ರ ಅವನ ಜೀವ ಇಲ್ಲೇ ಸುತ್ತಾಡ್ತದ.”

ನಾನೇ ಅಳಿಸಿದೆ. ಫೋನು ಇಂಗ್ಲಿಷಿನಲ್ಲಿ ಏನೋ ಕೇಳಿತು, ಅದನ್ನೂ ಒತ್ತಿದೆ.

ಆಮೇಲೆ ನಿದ್ದೆ ಇಲ್ಲ. ಅವರು ಹೋದ ಇಪ್ಪತ್ತೊಂಬತ್ತನೆಯ ದಿನ ಹುಮನಾಬಾದಿನ ಮೊಬೈಲ್ ಅಂಗಡಿಯ ಸಲಾವುದ್ದೀನ್‌ಗೆ ಫೋನ್ ಮಾಡಿದೆ.

“ಅಳಿಸಿದ್ದು ಮೂವತ್ತು ದಿನ ಇರ್ತದ ಅಕ್ಕಾ. ಒಮ್ಮೊಮ್ಮೆ ನಲವತ್ತರ ತನಕ ಎಳೀತದ ಅಂತಾರ, ಅದನ್ನ ನಂಬಿ ಕೂಡಬ್ಯಾಡ್ರಿ. ಫೋನ್ ತರ್ರಿ.”

ನಮ್ಮಲ್ಲಿ ಗಂಡ ಸತ್ತವಳು ಸವಾ ತಿಂಗಳು, ಅಂದರೆ ಒಂದೂಕಾಲು ತಿಂಗಳು, ಹೊಸ್ತಿಲು ದಾಟುವಂತಿಲ್ಲ. ಆ ಲೆಕ್ಕ ಮುಗಿಯಲು ಇನ್ನೂ ಎಂಟೊಂಬತ್ತು ದಿನ. ಫೋನಿನ ಲೆಕ್ಕಕ್ಕೆ ನಾಲ್ಕು.

“ಯಾರ ಕೈಯಾಗರ ಕೊಟ್ಟು ಕಳಸು,” ಅಂದಳು ಅತ್ತೆ.

“ಗಂಡ ಹೆಂಡತಿ ಮಾತು ಮಂದಿ ಕೈಗಿ ಹ್ಯಾಂಗ ಕೊಡ್ಲಿ ಅತ್ತಿ?”

“ಮಂದಿ ಏನಂದಾರು?”

“ಅನ್ಲಿ.”

ಚಪ್ಪಲಿ ಹಾಕಿಕೊಂಡೆ. ಅತ್ತೆ ಸೆರಗು ಹೊದ್ದುಕೊಂಡು ಎದ್ದಳು. “ನಡಿ. ಅದರಾಗ ನನ್ನ ಬಗ್ಗೆ ಏನರ ಬರದಾನೇನು?”

“ಭಾಳ ಬರದಾರ. ಬೈದದ್ದೇ ಹೆಚ್ಚು.”

“ಹೌದಿರಬೇಕು. ನನ್ನ ಮಗ ಅಲ್ಲೇನು.”

ಅಂಗಡಿಯಲ್ಲಿ ಸಲಾವುದ್ದೀನ್ ಮೆಸೇಜು ತೆರೆದು, ಮೇಲೆ ‘ಎಡಿಟ್’ ಒತ್ತಿದ, ಅದರಲ್ಲಿ ‘ರೀಸೆಂಟ್ಲಿ ಡಿಲೀಟೆಡ್’. ಒಂದೇ ಹೆಸರಿತ್ತು, ಅವರದು. ಪಕ್ಕದಲ್ಲಿ ನಾಲ್ಕು ದಿನ ಬಾಕಿ ಎಂದು ತೋರಿಸುತ್ತಿತ್ತು.

“ಹೆಸರು ಆರಿಸ್ರಿ. ಕೆಳಗ ‘ರಿಕವರ್’ ಅದ, ಅದನ್ನ ಒತ್ರಿ. ನೀವೇ ಒತ್ರಿ ಅಕ್ಕಾ, ನಾ ಓದಂಗಿಲ್ಲ.” ಅವನು ಮುಖ ಆಚೆ ತಿರುಗಿಸಿದ.

ಒತ್ತಿದೆ. ಮತ್ತೊಮ್ಮೆ ಕೇಳಿತು, ಮತ್ತೆ ಒತ್ತಿದೆ. ಎಲ್ಲ ಹಿಂದಿನ ಜಾಗಕ್ಕೇ ಬಂತು, ಬದನೆಕಾಯಿ ಬೇಡ ಎಂದದ್ದೂ.

ಊರವರು ಅಂದರು. ಇನ್ನೂ ಅನ್ನುತ್ತಾರೆ.

ಅತ್ತೆಗೆ ಓದು ಬರುವುದಿಲ್ಲ. ದಿನಾ ಬೆಳಿಗ್ಗೆ ಕಸ ಹೊಡೆದು, ಒಲೆ ಹಚ್ಚುವ ಮೊದಲು ಒಂದು ಮೆಸೇಜು ಓದಿ ಹೇಳಬೇಕು. ಬೇಸರವಾದರೂ ಓದುತ್ತೇನೆ. ಅವಳು ಕಾಯುತ್ತಾಳೆ.